ಎರಡನೇ ಮನೆ ಬೇಡದ ಲಾಡಿಹುಳು

ಈ ವಾರದ ಪತ್ರಗಳಲ್ಲಿ ಒಂದನ್ನು ಎರಡು ಕೈಗಳು ಬರೆದಿವೆ. ಮೇಲಿನ ಭಾಗ ಅಜ್ಜಿಯದು.

"ಡಾಕ್ಟರೇ, ನಮ್ಮ ಮನೆಯಲ್ಲಿ ಮಾಂಸವಿರಲಿ, ಕೋಳಿಮೊಟ್ಟೆಯನ್ನೂ ತರುವುದಿಲ್ಲ. ಏಳು ವರ್ಷದ ಮೊಮ್ಮಗನಿಗೆ ಎರಡು ತಿಂಗಳಿಂದ ಆಗಾಗ ಹೊಟ್ಟೆನೋವು, ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ರೇಗುತ್ತಾನೆ. ಮಲಪರೀಕ್ಷೆ ಮಾಡಿಸಿದರೆ ಲಾಡಿಹುಳುವಿನ ಮೊಟ್ಟೆ ಇದೆ ಎಂದು ಬಂತು. ಲಾಡಿಹುಳು ಮಾಂಸ ತಿನ್ನುವವರಿಗೆ ಬರುವುದೆಂದು ನಾವು ಶಾಲೆಯಲ್ಲಿ ಓದಿದ್ದೆವು. ಇವನು ಶಾಲೆಯಲ್ಲಿ ಕೊಟ್ಟ ಜಂತುಹುಳುವಿನ ಮಾತ್ರೆಯನ್ನೂ ನುಂಗಿದ್ದಾನೆ. ರಿಪೋರ್ಟು ಬೇರೆ ಯಾರದ್ದೋ ಆಗಿರಬಹುದೇ?"

ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: "ನನ್ನ ಹೊಟ್ಟೆಯಲ್ಲಿರುವ ಹುಳ ಎಷ್ಟು ಉದ್ದ ಇದೆ?"

ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಕಡೆ ಸಿಗುತ್ತದೆ. ಅಮ್ಮಾ, ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ದೊಡ್ಡ ಲಾಡಿಹುಳುಗಳ ಪಾಠ. ರಿಪೋರ್ಟಿನಲ್ಲಿ ಬರೆದಿರುವ ಹೆಸರನ್ನು ನೀವು ಪತ್ರದಲ್ಲಿ ನಕಲು ಮಾಡಿ ಕಳಿಸಿದ್ದು ಒಳ್ಳೆಯದಾಯಿತು. ಹೈಮೆನೊಲೆಪಿಸ್ ನಾನಾ. ಇದು ಬೇರೆಯೇ ಹುಳು. ಇದಕ್ಕೆ ಮಾಂಸವೂ ಬೇಡ, ಮೀನೂ ಬೇಡ. ರಿಪೋರ್ಟು ನಿಮ್ಮ ಮೊಮ್ಮಗನದೇ ಆಗಿರಲು ಯಾವ ಅಡ್ಡಿಯೂ ಇಲ್ಲ.

ಮೊದಲು ಪೆನ್ಸಿಲಿನ ಪ್ರಶ್ನೆ. ಮಗು, ನಿನ್ನ ಚಡ್ಡಿಗೆ ಕಟ್ಟುವ ಲಾಡಿ ನೋಡಿದ್ದೀಯಲ್ಲ, ಚಪ್ಪಟೆಯಾಗಿ ಉದ್ದಕ್ಕೆ ಇರುತ್ತದೆ. ಹಾಗೆ ಇರುವುದರಿಂದಲೇ ಲಾಡಿಹುಳು ಎಂಬ ಹೆಸರು. ದನದ ಮಾಂಸದಿಂದ ಬರುವ ಲಾಡಿಹುಳು ಸಾಮಾನ್ಯವಾಗಿ ನಾಲ್ಕೈದು ಮೀಟರ್ ಬೆಳೆಯುತ್ತದೆ. ಅಂದರೆ ನಿಮ್ಮ ಅಜ್ಜಿಯ ಸೀರೆಯಷ್ಟು ಉದ್ದ. ಹಂದಿ ಮಾಂಸದ್ದು ಎರಡರಿಂದ ಏಳು ಮೀಟರ್. ನಿನ್ನ ಹೊಟ್ಟೆಯಲ್ಲಿರುವುದು ಒಂದೂವರೆಯಿಂದ ನಾಲ್ಕು ಸೆಂಟಿಮೀಟರ್ ಮಾತ್ರ. ಅಗಲ ಒಂದು ಮಿಲಿಮೀಟರಿನಷ್ಟು. ನಿನ್ನ ಕಿರುಬೆರಳಿಗಿಂತ ಗಿಡ್ಡ, ಶ್ಯಾವಿಗೆ ಎಳೆಯ ಒಂದು ತುಣುಕಿನಷ್ಟು. ಮನುಷ್ಯರ ಕರುಳಿನಲ್ಲಿ ವಾಸಿಸುವ ಲಾಡಿಹುಳುಗಳಲ್ಲಿ ಇದೇ ಅತಿ ಚಿಕ್ಕದು. ಕನ್ನಡದಲ್ಲಿ 'ನಾನಾ' ಎಂದರೆ ಹಲವು ಬಗೆ. ಲ್ಯಾಟಿನ್ ಭಾಷೆಯಲ್ಲಿ ಕುಳ್ಳಿ ಎಂದು ಅರ್ಥ. ಆದ್ದರಿಂದ ಇದನ್ನು ಗಿಡ್ಡ ಲಾಡಿಹುಳು ಎನ್ನೋಣ.

ಗಿಡ್ಡವಾದರೂ ಇದರ ಮೈಯಲ್ಲಿ ಇನ್ನೂರರವರೆಗೆ ತುಂಡುಗಳಿರುತ್ತವೆ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಇಂಜಿನ್ನಿನ ಜಾಗದಲ್ಲಿ ತಲೆ. ತಲೆಯ ಮೇಲೆ ಹೀರಿ ಹಿಡಿಯುವ ನಾಲ್ಕು ಬಟ್ಟಲುಗಳು, ನಡುವೆ ಕೊಕ್ಕೆಗಳ ಒಂದು ಸುತ್ತು. ಇವುಗಳಿಂದ ಅದು ಸಣ್ಣ ಕರುಳಿನ ಗೋಡೆಯನ್ನು ಹಿಡಿದುಕೊಂಡು ನೇತಾಡುತ್ತದೆ. ಬಾಯಿ ಇಲ್ಲ, ಹೊಟ್ಟೆ ಇಲ್ಲ. ನೀನು ಉಂಡು ಅರಗಿಸಿದ ಅನ್ನದ ಸಾರವನ್ನು ಮೈಯಿಂದಲೇ ಹೀರುತ್ತದೆ. ಹೊಸ ಡಬ್ಬಿಗಳು ಇಂಜಿನ್ನಿನ ಹಿಂದೆಯೇ ಹುಟ್ಟುತ್ತವೆ, ಹಳೆಯವು ಹಿಂದಕ್ಕೆ ಸರಿಯುತ್ತವೆ. ಬಾಲದ ಕಡೆಯ ಡಬ್ಬಿಗಳಲ್ಲಿ ಮೊಟ್ಟೆ ತುಂಬಿರುತ್ತದೆ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಮಾಂಸ ತಿನ್ನದವರಿಗೆ ಇದು ಹೇಗೆ ಬಂತು?

ಲಾಡಿಹುಳುಗಳ ಜಾತಿಗೆ ಒಂದು ಹಳೆಯ ಕಟ್ಟಳೆ ಇದೆ. ಬದುಕಲು ಎರಡು ಮನೆ ಬೇಕು. ಬಾಲ್ಯ ಒಂದು ಪ್ರಾಣಿಯಲ್ಲಿ, ಸಂಸಾರ ಇನ್ನೊಂದರಲ್ಲಿ. ದನದ ಲಾಡಿಹುಳುವನ್ನೇ ತೆಗೆದುಕೊಳ್ಳಿ. ದೊಡ್ಡ ಹುಳು ಮನುಷ್ಯನ ಕರುಳಿನಲ್ಲಿದೆ. ಅದರ ಮೊಟ್ಟೆ ಮಲದೊಂದಿಗೆ ಹೊರಬಿದ್ದು ಹುಲ್ಲಿಗೆ ಸೇರುತ್ತದೆ. ಹುಲ್ಲು ಮೇದ ದನದ ಹೊಟ್ಟೆಯಲ್ಲಿ ಮೊಟ್ಟೆ ಒಡೆದು, ಮರಿ ಮಾಂಸಖಂಡಕ್ಕೆ ಹೋಗಿ, ನೀರು ತುಂಬಿದ ಪುಟ್ಟ ಗುಳ್ಳೆಯಾಗಿ ಕಾಯುತ್ತ ಕೂರುತ್ತದೆ. ಆ ಮಾಂಸವನ್ನು ಚೆನ್ನಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಗುಳ್ಳೆಯಿಂದ ತಲೆ ಹೊರಗೆ ಬಂದು ಹೊಸ ಹುಳು ಬೆಳೆಯುತ್ತದೆ. ಮೀನಿನ ಲಾಡಿಹುಳುವಿಗಂತೂ ಮೂರು ಮನೆ: ಮೊದಲು ನೀರಿನಲ್ಲಿರುವ ಸಾಸಿವೆಗಿಂತ ಸಣ್ಣ ಜೀವಿ, ಆಮೇಲೆ ಅದನ್ನು ತಿಂದ ಮೀನು, ಕೊನೆಗೆ ಹಸಿ ಮೀನು ತಿಂದ ಮನುಷ್ಯ.

ಇಂಥ ಸುತ್ತುದಾರಿಯಲ್ಲಿ ಎಷ್ಟು ಮೊಟ್ಟೆ ಗುರಿ ಮುಟ್ಟೀತು? ದನದ ಲಾಡಿಹುಳುವಿನ ಒಂದು ತುಂಡಿನಲ್ಲಿ ಲಕ್ಷದವರೆಗೆ ಮೊಟ್ಟೆ ಇರುತ್ತದೆ. ಅದರಲ್ಲಿ ಹೆಚ್ಚಿನವು ದನದ ಬಾಯಿಗೆ ಬೀಳದೆಯೇ ಒಣಗಿ ಹೋಗುತ್ತವೆ. ಗಿಡ್ಡ ಲಾಡಿಹುಳುವಿನ ಒಂದು ತುಂಡಿನಲ್ಲಿರುವುದು ಸುಮಾರು ನೂರು, ನೂರೈವತ್ತು. ಅಷ್ಟು ಕಡಿಮೆಯಲ್ಲೂ ಅದರ ವಂಶ ನಡೆಯುತ್ತದೆ. ಏಕೆಂದರೆ ಅದು ಸುತ್ತುದಾರಿಯನ್ನು ಬಿಟ್ಟು ನೇರ ದಾರಿ ಹಿಡಿದಿದೆ.

ಈ ಹುಳುವನ್ನು ಮೊದಲು ಕಂಡವನು ಜರ್ಮನಿಯ ವೈದ್ಯ ಥಿಯೋಡರ್ ಬಿಲ್‌ಹಾರ್ಟ್ಸ್. 1851ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ, ತೀರಿಕೊಂಡ ಒಬ್ಬ ಹುಡುಗನ ಸಣ್ಣ ಕರುಳಿನಲ್ಲಿ ಇದು ಅವನಿಗೆ ಸಿಕ್ಕಿತು. ಎಲ್ಲ ಲಾಡಿಹುಳುಗಳಂತೆ ಇದಕ್ಕೂ ಎಲ್ಲೋ ಒಂದು ಎರಡನೇ ಮನೆ ಇರಲೇಬೇಕು ಎಂಬುದು ಆಗಿನ ತಿಳುವಳಿಕೆ. ಇಟಲಿಯ ಜಿಯೊವಾನಿ ಬತಿಸ್ತಾ ಗ್ರಾಸಿ 1887ರಲ್ಲಿ ಬೇರೆಯದೇ ಉತ್ತರ ಕೊಟ್ಟ. ಇಲಿಗಳಿಗೆ ಈ ಹುಳುವಿನ ಮೊಟ್ಟೆ ತಿನ್ನಿಸಿದರೆ ಸಾಕು, ನಡುವೆ ಬೇರೆ ಯಾವ ಪ್ರಾಣಿಯೂ ಇಲ್ಲದೆ ಅದೇ ಇಲಿಯ ಕರುಳಿನಲ್ಲಿ ಹುಳು ಬೆಳೆಯುತ್ತದೆ ಎಂದು ಅವನು ತೋರಿಸಿದ. ಮನುಷ್ಯರಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಎಂಬುದನ್ನು ಮುಂದೆ ತೋರಿಸಿದವರಲ್ಲೂ ಇದೇ ಗ್ರಾಸಿ ಒಬ್ಬ.

ಹಾಗಾದರೆ ಎರಡನೇ ಮನೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಮೊದಲ ಮನೆಯೊಳಗೇ ಒಂದು ಕೋಣೆಯಾಯಿತು. ಅದು ಹೇಗೆಂದು ತಿಳಿಯಲು ಒಂದು ಮೊಟ್ಟೆಯ ಜೊತೆ ಕ್ಯಾಲೆಂಡರ್ ಹಿಡಿದು ಹೋಗೋಣ.

ಜೂನ್ 1 ಎಂದುಕೊಳ್ಳಿ. ಶಾಲೆಯಲ್ಲಿ ಒಬ್ಬ ಹುಡುಗ ಶೌಚಾಲಯಕ್ಕೆ ಹೋಗಿ ಬಂದು ಬರೀ ನೀರಿನಲ್ಲಿ ಕೈ ಅದ್ದಿದ್ದಾನೆ. ಅವನ ಉಗುರಿನ ಸಂದಿಯಲ್ಲಿ ಈ ಹುಳುವಿನ ಮೊಟ್ಟೆ ಉಳಿದಿದೆ. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ತೈದು ಮೊಟ್ಟೆಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು. ಅವನು ಚಕ್ಕುಲಿ ಮುರಿದು ಅರ್ಧವನ್ನು ನಮ್ಮ ಪತ್ರದ ಹುಡುಗನಿಗೆ ಕೊಟ್ಟ. ಚಕ್ಕುಲಿಯ ಜೊತೆ ಮೊಟ್ಟೆಯೂ ಬಾಯಿಗೆ ಹೋಯಿತು. ಇಲ್ಲೊಂದು ಮಾತು ಗಮನಿಸಬೇಕು. ದುಂಡು ಹುಳುವಿನ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಮಾಗಿದ ಮೇಲೆಯೇ ರೋಗ ತರುತ್ತದೆ. ಗಿಡ್ಡ ಲಾಡಿಹುಳುವಿನ ಮೊಟ್ಟೆ ಹಾಗಲ್ಲ, ದೇಹದಿಂದ ಹೊರಬಂದ ಗಳಿಗೆಯಲ್ಲೇ ಸಿದ್ಧವಾಗಿರುತ್ತದೆ. ಆದ್ದರಿಂದಲೇ ಇದು ಕೈಯಿಂದ ಕೈಗೆ, ಕೈಯಿಂದ ಬಾಯಿಗೆ ಹೋಗಬಲ್ಲದು.

ಅದೇ ದಿನ ಮೊಟ್ಟೆ ಜಠರ ದಾಟಿ ಸಣ್ಣ ಕರುಳಿಗೆ ಬರುತ್ತದೆ. ಅಲ್ಲಿ ಸಿಪ್ಪೆ ಒಡೆದು ಆರು ಪುಟ್ಟ ಕೊಕ್ಕೆಗಳಿರುವ ಮರಿ ಹೊರಗೆ ಬರುತ್ತದೆ. ನಮ್ಮ ಸಣ್ಣ ಕರುಳಿನ ಒಳಮೈ ನುಣುಪಾಗಿಲ್ಲ, ಮಖಮಲ್ಲಿನ ಬಟ್ಟೆಯ ಹಾಗೆ ಲಕ್ಷಾಂತರ ಪುಟ್ಟ ಬೆರಳುಗಳಿಂದ ತುಂಬಿದೆ. ಆಹಾರದ ಸಾರವನ್ನು ರಕ್ತಕ್ಕೆ ಸೇರಿಸುವುದು ಈ ಬೆರಳುಗಳೇ. ಮರಿ ತನ್ನ ಕೊಕ್ಕೆಗಳಿಂದ ಕೊರೆದು ಇಂಥ ಒಂದು ಬೆರಳಿನೊಳಗೆ ಸೇರಿಕೊಳ್ಳುತ್ತದೆ. ದನದ ಲಾಡಿಹುಳುವಿನ ಮರಿಗೆ ದನದ ಮಾಂಸಖಂಡ ಹೇಗೋ, ಇದಕ್ಕೆ ಈ ಬೆರಳು ಹಾಗೆ. ನಾನು ಹೇಳಿದ ಕೋಣೆ ಇದೇ.

ಜೂನ್ 5 ಅಥವಾ 6. ನಾಲ್ಕೈದು ದಿನದಲ್ಲಿ ಆ ಕೋಣೆಯೊಳಗೆ ಮರಿಯ ಬಾಲ್ಯ ಮುಗಿಯುತ್ತದೆ. ಈಗ ಅದಕ್ಕೆ ತಲೆ ಮೂಡಿದೆ. ಬೆರಳು ಒಡೆದು ಅದು ಮತ್ತೆ ಕರುಳಿನ ನಡುದಾರಿಗೆ ಬರುತ್ತದೆ, ಸ್ವಲ್ಪ ಕೆಳಗೆ ಜಾರಿ ಗೋಡೆಗೆ ತಲೆ ಊರುತ್ತದೆ. ಆಮೇಲೆ ಡಬ್ಬಿಗಳ ಮೇಲೆ ಡಬ್ಬಿ.

ಜೂನ್ ಮೂರನೇ ವಾರದ ಹೊತ್ತಿಗೆ ಬಾಲದ ಡಬ್ಬಿಗಳಲ್ಲಿ ಮೊಟ್ಟೆ ತುಂಬುತ್ತದೆ. ಬಾಯಿಗೆ ಮೊಟ್ಟೆ ಹೋದ ಎರಡರಿಂದ ನಾಲ್ಕು ವಾರದೊಳಗೆ ಮಲದಲ್ಲಿ ಹೊಸ ಮೊಟ್ಟೆ ಕಾಣಿಸಿಕೊಳ್ಳುತ್ತದೆ. ದೊಡ್ಡ ಹುಳುಗಳಿಗೆ ಇದೇ ಕೆಲಸಕ್ಕೆ ತಿಂಗಳುಗಳು ಬೇಕು.

ಈ ಹುಳುವಿನ ಆಯಸ್ಸು ನಾಲ್ಕರಿಂದ ಆರು ವಾರ. ಜುಲೈ ಮಧ್ಯದ ಹೊತ್ತಿಗೆ ಅದು ಸತ್ತು ಹೊರಗೆ ಹೋಗಬೇಕು. ಲೆಕ್ಕ ಇಷ್ಟೇ ಆಗಿದ್ದರೆ ಹುಡುಗ ಔಷಧಿಯಿಲ್ಲದೆಯೇ ವಾಸಿಯಾಗುತ್ತಿದ್ದ. ಆದರೆ ಕೆಲವು ಮಕ್ಕಳ ಹೊಟ್ಟೆಯಲ್ಲಿ ಈ ಹುಳು ವರ್ಷಗಟ್ಟಲೆ ಇರುತ್ತದೆ. ಆರು ವಾರದ ಆಯಸ್ಸಿನ ಹುಳು ವರ್ಷಗಟ್ಟಲೆ ಹೇಗೆ ಉಳಿಯುತ್ತದೆ?

ಎರಡು ದಾರಿಗಳಿವೆ. ಒಂದು ಹೊರಗಿನದು. ಮಗು ತೊಳೆದುಕೊಂಡ ಕೈಯಲ್ಲಿ ತನ್ನದೇ ಮೊಟ್ಟೆ ಉಳಿದು, ಅದೇ ಕೈ ಬಾಯಿಗೆ ಹೋಗುವುದು. ಉಗುರು ಕಚ್ಚುವ, ಬೆರಳು ಚೀಪುವ ಮಕ್ಕಳಿಗೆ ಈ ದಾರಿ ಸದಾ ತೆರೆದಿರುತ್ತದೆ.

ಇನ್ನೊಂದು ಒಳಗಿನದು. ಈ ಹುಳುವಿನ ವಿಶೇಷ ಇರುವುದು ಅಲ್ಲೇ. ದೊಡ್ಡ ಲಾಡಿಹುಳುವಿನ ತುಂಡು ಇಡಿಯಾಗಿ ಕಳಚಿ ಹೊರಗೆ ಬರುತ್ತದೆ. ಅಕ್ಕಿಯ ಪಾಯಸದ ಶ್ಯಾವಿಗೆಯಂತೆ ಬಿಳಿಯ ತುಂಡು ಕಣ್ಣಿಗೇ ಕಾಣುತ್ತದೆ. ಗಿಡ್ಡ ಹುಳುವಿನ ತುಂಡು ಕರುಳಿನಲ್ಲೇ ಕರಗಿ ಮೊಟ್ಟೆಗಳು ಅಲ್ಲೇ ಚೆಲ್ಲಿಕೊಳ್ಳುತ್ತವೆ. ಹೆಚ್ಚಿನವು ಮಲದ ಜೊತೆ ಹೊರಟುಹೋಗುತ್ತವೆ. ಕೆಲವು ಹೊರಗಿನ ಬೆಳಕನ್ನೇ ಕಾಣದೆ ಅಲ್ಲಿಯೇ ಒಡೆಯುತ್ತವೆ. ಮರಿ ಪಕ್ಕದ ಬೆರಳಿನೊಳಗೆ ಕೊರೆದು ಸೇರುತ್ತದೆ, ನಾಲ್ಕೈದು ದಿನಕ್ಕೆ ಹೊರಬರುತ್ತದೆ, ತಲೆ ಊರುತ್ತದೆ. ಜುಲೈ ಮಧ್ಯದಲ್ಲಿ ಅಮ್ಮ ಸಾಯುವ ಹೊತ್ತಿಗೆ ಮಗಳು ಮೊಟ್ಟೆ ಇಡುತ್ತಿರುತ್ತಾಳೆ. ಆಗಸ್ಟಿನಲ್ಲಿ ಮೊಮ್ಮಗಳು. ಇದಕ್ಕೆ ಒಳಗಿನ ಮರುಸೋಂಕು ಎನ್ನುತ್ತಾರೆ. ಕೈ ಬಾಯಿಗೆ ಹೋಗಲೇ ಬೇಕಿಲ್ಲ.

ದೊಡ್ಡ ಹುಳುಗಳಿಗೆ ಇದು ಸಾಧ್ಯವಿಲ್ಲ. ದನದ ಲಾಡಿಹುಳುವಿನ ಮೊಟ್ಟೆಯನ್ನು ಮನುಷ್ಯ ನುಂಗಿದರೆ ಏನೂ ಬೆಳೆಯುವುದಿಲ್ಲ. ಒಂದು ಗುಳ್ಳೆ ತಿಂದರೆ ಒಂದು ಹುಳು, ಅಷ್ಟೇ. ಅದು ಹತ್ತಾರು ವರ್ಷ ಬದುಕಿದರೂ ಅದೇ ಹೊಟ್ಟೆಯಲ್ಲಿ ಎರಡಾಗುವುದಿಲ್ಲ. ಗಿಡ್ಡ ಹುಳುವಿನ ಆಯಸ್ಸು ವಾರಗಳ ಲೆಕ್ಕ, ಆದರೆ ಸಂಖ್ಯೆ ಏರುತ್ತಲೇ ಹೋಗಬಹುದು, ಸಾವಿರ ದಾಟುವುದೂ ಉಂಟು. ಹುಳು ಕೆಲವೇ ಇದ್ದರೆ ಮಗುವಿಗೆ ಏನೂ ಅನಿಸುವುದಿಲ್ಲ. ಸಂಖ್ಯೆ ಹೆಚ್ಚಿದಂತೆ ಕರುಳಿನ ಒಳಮೈ ಕೆರಳಿ ಹೊಟ್ಟೆನೋವು, ಭೇದಿ, ಊಟ ಸೇರದಿರುವುದು, ತಲೆನೋವು, ನಿದ್ದೆಗೇಡು, ರೇಗಾಟ ಶುರುವಾಗುತ್ತವೆ. ಅಜ್ಜಿ ಬರೆದಿರುವ ಲಕ್ಷಣಗಳಲ್ಲಿ ಮೂರು ಈ ಪಟ್ಟಿಯಲ್ಲಿವೆ. ಆದರೆ ಇವೆಲ್ಲ ಬೇರೆ ನೂರು ಕಾರಣಕ್ಕೂ ಬರುತ್ತವೆ, ಆದ್ದರಿಂದ ಪರೀಕ್ಷೆಯಿಲ್ಲದೆ ಹೇಳಲಾಗದು.

ಹಾಗಾದರೆ ಎಲ್ಲ ಮಕ್ಕಳ ಹೊಟ್ಟೆಯೂ ಹುಳುವಿನಿಂದ ತುಂಬಿಹೋಗಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ತುಂಬುವುದಿಲ್ಲ, ಕಾರಣ ಆ ಕೋಣೆಯೇ. ಮರಿ ಕರುಳಿನ ಬೆರಳಿನೊಳಗೆ ನುಗ್ಗಿದಾಗ ನಮ್ಮ ದೇಹದ ಕಾವಲುಗಾರರಿಗೆ ಅದರ ಗುರುತು ಸಿಗುತ್ತದೆ. ಮುಂದಿನ ಮರಿಗಳು ಬಂದಾಗ ಅವುಗಳನ್ನು ತಡೆಯುತ್ತಾರೆ. ಬಹಳ ಮಂದಿಯಲ್ಲಿ ಹೀಗೆ ಸಂಖ್ಯೆ ಹಿಡಿತದಲ್ಲಿರುತ್ತದೆ. ಈ ಹುಳು ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಸಿಗುವುದಕ್ಕೆ ಇದೂ ಒಂದು ಕಾರಣ. ಕಾವಲು ಸಡಿಲವಾದಲ್ಲಿ ಕಥೆ ಬೇರೆ. ಸೊರಗಿದ ಮಗು, ಅಥವಾ ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವ ಅಜ್ಜ, ಇಂಥವರಲ್ಲಿ ಒಳಗಿನ ಮರುಸೋಂಕು ಎಲ್ಲೆ ಮೀರಬಹುದು. ಅಜ್ಜಂದಿರೇ, ನೀವು ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದು ಮನೆಯ ಮಗುವಿಗೆ ಈ ಹುಳು ಕಂಡುಬಂದರೆ ನಿಮ್ಮ ಮಲವನ್ನೂ ಪರೀಕ್ಷೆಗೆ ಕೊಡಿ.

ಹಳೆಯ ಕಟ್ಟಳೆಯ ಒಂದು ಗುರುತು ಈ ಹುಳುವಿನಲ್ಲಿ ಇನ್ನೂ ಉಳಿದಿದೆ. ಹಿಟ್ಟು, ರವೆಯಲ್ಲಿ ಆಗುವ ಕಂದು ಬಣ್ಣದ ಸಣ್ಣ ಹುಳು, ಇಲಿಯ ಮೈಮೇಲಿನ ಚಿಗಟ ಇವು ಮೊಟ್ಟೆ ತಿಂದರೆ ಅವುಗಳ ಹೊಟ್ಟೆಯಲ್ಲೂ ಮರಿ ಬೆಳೆಯುತ್ತದೆ. ಅಂಥ ಕೀಟ ಗೊತ್ತಿಲ್ಲದೆ ಹಸಿಯಾಗಿ ನಮ್ಮ ಬಾಯಿಗೆ ಹೋದರೆ, ತಲೆ ಮೂಡಿದ ಮರಿ ಕೋಣೆಗೆ ಹೋಗದೆ ನೇರ ಕರುಳಿನಲ್ಲಿ ತಲೆ ಊರುತ್ತದೆ. ಕಾವಲುಗಾರರಿಗೆ ಗುರುತು ಸಿಗದಿರುವುದರಿಂದ ಆಮೇಲೆ ಅದರ ಮೊಟ್ಟೆಗಳಿಗೆ ಒಳಗಿನ ಮರುಸೋಂಕು ಸುಲಭ. ಬೇಯಿಸಿದ ಉಪ್ಪಿಟ್ಟು, ರೊಟ್ಟಿಯಿಂದ ಭಯವಿಲ್ಲ. ಮಕ್ಕಳು ಡಬ್ಬಕ್ಕೆ ಕೈ ಹಾಕಿ ಹಸಿ ಹಿಟ್ಟು ಮುಕ್ಕದಂತೆ ನೋಡಿಕೊಂಡರೆ ಸಾಕು. ಮನುಷ್ಯರಲ್ಲಿ ಇದು ಹರಡುವುದು ಬಹುಪಾಲು ಮನುಷ್ಯರ ಕೈಯಿಂದಲೇ.

ಅಜ್ಜಿಯ ಮನಸ್ಸಿನಲ್ಲಿ ಇನ್ನೊಂದು ಹೆದರಿಕೆ ಇರಬಹುದು, ಪತ್ರದಲ್ಲಿ ಬರೆದಿಲ್ಲ. ಲಾಡಿಹುಳು ಮೆದುಳಿಗೆ ಹೋಗಿ ಫಿಟ್ಸ್ ತರುತ್ತದೆ ಎಂದು ಕೇಳಿರುತ್ತೀರಿ. ಅದು ಹಂದಿಯ ಲಾಡಿಹುಳು. ಅದರ ಮೊಟ್ಟೆ ಮನುಷ್ಯನ ಹೊಟ್ಟೆಗೆ ಹೋದರೆ ಮರಿ ಕರುಳು ದಾಟಿ, ರಕ್ತದಲ್ಲಿ ತೇಲಿ, ಮಾಂಸಖಂಡದಲ್ಲೋ ಮೆದುಳಿನಲ್ಲೋ ಗುಳ್ಳೆಯಾಗುತ್ತದೆ. ಅಂದರೆ ಅದು ಮನುಷ್ಯನನ್ನೇ ಹಂದಿ ಎಂದು ತಿಳಿಯುತ್ತದೆ. ಆ ಮೊಟ್ಟೆ ಬರುವುದು ಮನುಷ್ಯರ ಮಲದಿಂದಲೇ ಆದ್ದರಿಂದ ಸಸ್ಯಾಹಾರಿಗಳಿಗೂ ಆ ಕಾಯಿಲೆ ಬರಬಹುದು. ಗಿಡ್ಡ ಲಾಡಿಹುಳುವಿನ ಮರಿ ಕರುಳಿನ ಬೆರಳಿನೊಳಗೇ ನಿಲ್ಲುತ್ತದೆ. ಆರೋಗ್ಯವಂತ ಮಗುವಿನಲ್ಲಿ ಅದು ಮೆದುಳಿಗೆ ಹೋಗುವುದಿಲ್ಲ.

ಇನ್ನು ರಿಪೋರ್ಟಿನ ವಿಚಾರ. ಸೂಕ್ಷ್ಮದರ್ಶಕದಲ್ಲಿ ಈ ಮೊಟ್ಟೆಗೆ ಒಂದು ಚೆಂದದ ಗುರುತಿದೆ. ತೆಳುವಾದ ಹೊರಚಿಪ್ಪು, ಅದರೊಳಗೆ ನಿಂಬೆಹಣ್ಣಿನ ಆಕಾರದ ಇನ್ನೊಂದು ಚಿಪ್ಪು. ನಿಂಬೆಯ ಎರಡು ತುದಿಗಳಿಂದಲೂ ನಾಲ್ಕರಿಂದ ಎಂಟು ಕೂದಲಿನಂಥ ಎಳೆಗಳು ಹೊರಟು ಎರಡು ಚಿಪ್ಪುಗಳ ನಡುವೆ ಹರಡಿರುತ್ತವೆ. ನಿಂಬೆಯೊಳಗೆ ಆರು ಕೊಕ್ಕೆಗಳ ಮರಿ. ಇಲಿಗಳ ಲಾಡಿಹುಳು ಎಂಬ ಹತ್ತಿರದ ನೆಂಟ ಒಂದಿದೆ. ಅದರ ಮೊಟ್ಟೆ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು, ಅದಕ್ಕೆ ಈ ಎಳೆಗಳಿಲ್ಲ. ಆ ನೆಂಟ ಇನ್ನೂ ಹಳೆಯ ಕಟ್ಟಳೆಯಲ್ಲೇ ಇದೆ, ಕೀಟದ ಮನೆ ಇಲ್ಲದೆ ಬೆಳೆಯದು, ಮಗುವಿನಿಂದ ಮಗುವಿಗೆ ಹರಡದು. ಎಳೆ ನೋಡಿ ಹೆಸರು ಬರೆದ ಲ್ಯಾಬಿನವರ ಮಾತನ್ನು ನಂಬಬಹುದು.

ಮೊಟ್ಟೆ ಪ್ರತಿದಿನವೂ ಒಂದೇ ಸಮನೆ ಬರುವುದಿಲ್ಲ. ಒಂದು ದಿನದ ಮಾದರಿಯಲ್ಲಿ ಸಿಗದಿದ್ದರೆ ಬೇರೆ ಬೇರೆ ದಿನ ಮೂರು ಸಲ ಕೊಡಲು ಹೇಳುವುದುಂಟು. ಹಾಗೆಯೇ, ಮಲದಲ್ಲಿ ಹುಳು ಕಾಣಿಸಲಿಲ್ಲ, ಆದ್ದರಿಂದ ಹುಳು ಇಲ್ಲ ಎಂಬ ಲೆಕ್ಕ ಇಲ್ಲಿ ನಡೆಯದು. ರಾತ್ರಿ ಮಗುವಿನ ಗುದದ ಬಳಿ ಕಾಣುವ ಬಿಳಿ ದಾರದಂಥ ಹುಳು ಬೇರೆ. ಗಿಡ್ಡ ಲಾಡಿಹುಳುವಿನ ತುಂಡು ಒಳಗೇ ಕರಗುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಔಷಧಿ ಕೊಟ್ಟ ಮರುದಿನವೂ ಏನೂ ಕಾಣದೇ ಇರಬಹುದು. ಔಷಧಿ ಹತ್ತಲಿಲ್ಲ ಎಂದುಕೊಳ್ಳಬೇಡಿ.

ಶಾಲೆಯಲ್ಲಿ ಕೊಟ್ಟ ಮಾತ್ರೆ ಏಕೆ ಕೆಲಸ ಮಾಡಲಿಲ್ಲ? ನಮ್ಮ ದೇಶದಲ್ಲಿ 2015ರಿಂದ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನಗಳಂದು ಕೊಡುವುದು ಅಲ್ಬೆಂಡಜೋಲ್ ಎಂಬ ಮಾತ್ರೆ. ಅದರ ಗುರಿ ಮಣ್ಣಿನಿಂದ ಬರುವ ಮೂರು ಹುಳುಗಳು: ದುಂಡು ಹುಳು, ಕೊಕ್ಕೆ ಹುಳು, ಚಾವಟಿ ಹುಳು. ಆ ಕೆಲಸಕ್ಕೆ ಅದು ಬೇಕೇ ಬೇಕು, ತಪ್ಪಿಸಬೇಡಿ. ಆದರೆ ಗಿಡ್ಡ ಲಾಡಿಹುಳುವಿನ ಮೇಲೆ ಆ ಒಂದು ಮಾತ್ರೆಯನ್ನು ನೆಚ್ಚುವಂತಿಲ್ಲ.

ಇದಕ್ಕೆ ಸಾಮಾನ್ಯವಾಗಿ ಬರೆಯುವ ಔಷಧಿ ಪ್ರಾಜಿಕ್ವಾಂಟೆಲ್. ತೂಕದ ಪ್ರತಿ ಕಿಲೋಗೆ 25 ಮಿಲಿಗ್ರಾಂ, ಒಂದೇ ಸಲ. ಇಪ್ಪತ್ತು ಕಿಲೋ ತೂಗುವ ಮಗುವಿಗೆ 500 ಮಿಲಿಗ್ರಾಂ. ದೊಡ್ಡ ಲಾಡಿಹುಳುಗಳಿಗೆ ಕಿಲೋಗೆ 5ರಿಂದ 10 ಮಿಲಿಗ್ರಾಂ ಸಾಕು. ನಾಲ್ಕು ಮೀಟರ್ ಹುಳುವಿಗೆ ಕಡಿಮೆ, ನಾಲ್ಕು ಸೆಂಟಿಮೀಟರ್ ಹುಳುವಿಗೆ ಹೆಚ್ಚು! ವಿಚಿತ್ರ ಅನಿಸಿದರೂ ಕಾರಣ ನಿಮಗೆ ಈಗಾಗಲೇ ಗೊತ್ತು. ದೊಡ್ಡ ಹುಳು ಕರುಳಿನ ನಡುದಾರಿಯಲ್ಲಿ ಮಾತ್ರ ಇದೆ. ಇಲ್ಲಿ ಕೋಣೆಗಳೊಳಗೆ ಅಡಗಿದ ಮರಿಗಳನ್ನೂ ಮುಟ್ಟಬೇಕು. ನಿಕ್ಲೊಸಮೈಡ್ ಎಂಬ ಹಳೆಯ ಔಷಧಿ ಕೋಣೆಯೊಳಗೆ ಹೋಗಲಾರದು. ದೊಡ್ಡ ಲಾಡಿಹುಳುವಿಗೆ ಅದನ್ನು ಒಂದು ದಿನ ಕೊಟ್ಟರೆ ಮುಗಿಯಿತು; ಗಿಡ್ಡ ಹುಳುವಿಗೆ ಏಳು ದಿನ ಕೊಡಬೇಕು. ನಾಲ್ಕೈದು ದಿನಕ್ಕೆ ಮರಿಗಳು ತಾವಾಗಿ ಹೊರಬರುತ್ತವಲ್ಲ, ಬಂದಾಗ ಬಾಗಿಲಲ್ಲಿ ಔಷಧಿ ಕಾದಿರಬೇಕು. ಎರಡು ದಿನಕ್ಕೆ ಹೊಟ್ಟೆನೋವು ನಿಂತಿತೆಂದು ನಿಲ್ಲಿಸಿದರೆ ಕೋಣೆಯಲ್ಲಿದ್ದವು ಉಳಿದುಕೊಂಡು ಹೊಸ ಸಂಸಾರ ಹೂಡುತ್ತವೆ.

ಯಾವ ಔಷಧಿ, ಎಷ್ಟು ಎಂಬುದನ್ನು ಮಗುವನ್ನು ನೋಡಿದ ವೈದ್ಯರೇ ಹೇಳಬೇಕು. ಮಗುವಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಮಾತ್ರೆ ಕೊಡುವ ಮೊದಲೇ ಅವರಿಗೆ ತಿಳಿಸಿ. ಮೆದುಳಿನಲ್ಲಿ ಹಂದಿ ಲಾಡಿಹುಳುವಿನ ಗುಳ್ಳೆ ಇರುವವರಿಗೆ ಪ್ರಾಜಿಕ್ವಾಂಟೆಲ್ ತೊಂದರೆ ಮಾಡಬಹುದು.

ಮಾತ್ರೆ ನುಂಗಿಸಿದ ಮೇಲೆ ಕೆಲಸ ಮುಗಿಯಲಿಲ್ಲ. ಮೂರು ನಾಲ್ಕು ವಾರದ ನಂತರ ಮತ್ತೊಮ್ಮೆ ಮಲಪರೀಕ್ಷೆ ಮಾಡಿಸಿ. ಮರುವಾರವೇ ಮಾಡಿಸಿ ಮೊಟ್ಟೆ ಇಲ್ಲವೆಂದು ಸಂತೋಷಪಡುವುದರಲ್ಲಿ ಅರ್ಥವಿಲ್ಲ. ಉಳಿದ ಒಂದು ಮರಿ ಬೆಳೆದು ಮೊಟ್ಟೆ ಇಡಲು ಎರಡರಿಂದ ನಾಲ್ಕು ವಾರ ಬೇಕೆಂದು ಕ್ಯಾಲೆಂಡರಿನಲ್ಲಿ ನೋಡಿದೆವಲ್ಲ. ಮನೆಯಲ್ಲಿ ಅಣ್ಣ, ತಂಗಿ ಇದ್ದರೆ ಅವರ ಪರೀಕ್ಷೆಯೂ ಆಗಲಿ. ಒಬ್ಬನಿಗೆ ಔಷಧಿ ಕೊಟ್ಟು ಇನ್ನೊಬ್ಬಳನ್ನು ಬಿಟ್ಟರೆ ಮೊಟ್ಟೆ ಅವಳ ಕೈಯಿಂದ ಇವನ ಬಾಯಿಗೆ ಮರಳುತ್ತದೆ.

ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳು ಹುಟ್ಟುತ್ತದೆ ಎಂದು ಹಲವು ಮನೆಗಳಲ್ಲಿ ಬೆಲ್ಲವನ್ನು ಅಡಗಿಸಿಡುತ್ತಾರೆ. ಬೆಲ್ಲದಿಂದ ಹುಳು ಹುಟ್ಟುವುದಿಲ್ಲ, ಬೆಲ್ಲ ಹಿಡಿದ ಕೈಯಿಂದ ಬರಬಹುದು. ಮೊಮ್ಮಗನನ್ನು ತೊಳೆಸಿ ನೇರ ಅಡುಗೆಮನೆಗೆ ಹೋಗುವ ಅಜ್ಜಿಯ ಕೈಯೂ ಈ ಲೆಕ್ಕಕ್ಕೆ ಸೇರುತ್ತದೆ. ತೊಳೆಸಿದವರು, ತೊಳೆಸಿಕೊಂಡವರು ಇಬ್ಬರೂ ಸೋಪು ಹಚ್ಚಿ ಉಜ್ಜಬೇಕು. ಸೋಪು ಈ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅಂಟನ್ನು ಬಿಡಿಸಿ ನೀರಿನ ಜೊತೆ ಜಾರಿಸುತ್ತದೆ. ಆದ್ದರಿಂದ ಉಜ್ಜುವುದೂ ಹರಿಯುವ ನೀರೂ ಮುಖ್ಯ. ಒಣಗಿದ ಕೈಗೆ ಸವರುವ ಸ್ಯಾನಿಟೈಸರನ್ನು ಈ ಮೊಟ್ಟೆಯ ವಿಷಯದಲ್ಲಿ ನೆಚ್ಚಬೇಡಿ. ಉಗುರು ಗಿಡ್ಡವಾಗಿರಲಿ. ಒಳಚಡ್ಡಿ, ಟವೆಲ್ಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಹೊರಗೆ ಈ ಮೊಟ್ಟೆ ಹತ್ತು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಒಣಗಿದರೆ ಇನ್ನೂ ಬೇಗ ಸಾಯುತ್ತದೆ.

ಮಕ್ಕಳಿಗೆ ಈ ವಾರದ ಕೆಲಸ. ಎರಡು ಹನಿ ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿ ಎರಡೂ ಕೈಗೆ, ಬೆರಳ ಸಂದಿಗೆ, ಉಗುರಿನ ಸುತ್ತ ಹಚ್ಚಿಕೊಳ್ಳಿ. ಮೊದಲು ಬರೀ ನೀರಿನಲ್ಲಿ ತೊಳೆದು ಎಲ್ಲೆಲ್ಲಿ ಹಳದಿ ಉಳಿದಿದೆ ನೋಡಿ. ಆಮೇಲೆ ಸೋಪು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಉಜ್ಜಿ ತೊಳೆದು ಮತ್ತೆ ನೋಡಿ. ಕೊನೆಗೆ ಹಳದಿ ಉಳಿಯುವ ಜಾಗ ಯಾವುದು, ಅಲ್ಲಿಂದ ತೆಗೆಯಲು ಏನು ಮಾಡಬೇಕಾಯಿತು ಎಂದು ಬರೆದು ಕಳಿಸಿ. ಹಳೆಯ ಬಟ್ಟೆ ಹಾಕಿಕೊಂಡು ಮಾಡಿ, ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ.